ಗುರುತು ಸಿಗದಿದ್ದರೆ ಮೊದಲ ಮಾತು ಏನು?

“ಎರಡು ವರ್ಷದ ಮೇಲೆ ಊರಿಗೆ ಹೋಗ್ತಿದ್ದೇನೆ. ದೊಡ್ಡಮ್ಮನಿಗೆ ಡಿಮೆನ್ಷಿಯಾ. ನನ್ನ ಗುರುತು ಸಿಗದಿದ್ದರೆ ಮೊದಲು ಏನಂತ ಮಾತಾಡಿಸಲಿ?”

“ನಾನ್ಯಾರು ಹೇಳಿ ನೋಡೋಣ” ಅಂತ ಮಾತ್ರ ಕೇಳಬೇಡಿ. ಮನೆಯವರಿಗೂ ಮೊದಲೇ ಹೇಳಿಡಿ, ಏಕೆಂದರೆ ಆ ಪ್ರಶ್ನೆ ಸಾಮಾನ್ಯವಾಗಿ ಅವರಿಂದಲೇ ಬರುತ್ತೆ. ಉತ್ತರ ಹೊಳೆಯದಿದ್ದಾಗ ದೊಡ್ಡಮ್ಮನಿಗೆ ಆಗುವ ಗಾಬರಿ, ನಾಚಿಕೆ ಆಮೇಲೂ ಮನಸ್ಸಲ್ಲಿ ಉಳಿಯಬಹುದು.

ಟಿವಿ ಆರಿಸಿ. ಕನ್ನಡಕ, ಕಿವಿಯ ಮಷೀನು ಹಾಕಿದ್ದಾರಾ ನೋಡಿ. ಹಿಂದಿನಿಂದ ಹೋಗಿ ಹೆಗಲು ಮುಟ್ಟಬೇಡಿ. ಎದುರಿನಿಂದ ನಿಧಾನವಾಗಿ ಹೋಗಿ, ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತೆ. ಅವರು ನಿಮ್ಮ ಕಡೆ ನೋಡಿದ ಮೇಲೆ, “ದೊಡ್ಡಮ್ಮಾ, ನಾನು ಸುಮಾ, ನಿಮ್ಮ ತಂಗಿ ಮಗಳು. ನಿಮ್ಮನ್ನ ನೋಡೋಕೆ ಬಂದೆ” ಅಂತ ನಿಮ್ಮ ಹೆಸರು ಹೇಳಿ ಸುಮ್ಮನಿರಿ. ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಮಾತು ಒಳಗಿಳಿಯೋಕೆ ಅಷ್ಟು ಹೊತ್ತು ಬೇಕು. ನಾವು ತಡೆಯಲಾರದೆ ಎರಡನೇ ಪ್ರಶ್ನೆ ಹಾಕಿ ಮೊದಲನೆಯದನ್ನೂ ಕೆಡಿಸುತ್ತೇವೆ.

ನಮ್ಮಜ್ಜಿ ನನ್ನನ್ನ ತಮ್ಮನ ಹೆಸರಿಂದ ಕರೆದು, “ಮಳೇಲಿ ಬಂದ್ಯಾ? ಊಟ ಆಯ್ತಾ?” ಅಂದಿದ್ದರು. ಹೊರಗೆ ಸುಡು ಬಿಸಿಲು. ಮೊದಲ ಸಲ ತಿದ್ದಿದೆ. ಅವರ ಮುಖ ಬಾಡಿ, ಸೆರಗಿನ ತುದಿ ಸುತ್ತುತ್ತಾ ಕೂತುಬಿಟ್ಟರು. ಮುಂದಿನ ಸಲ “ಇನ್ನೂ ಇಲ್ಲ, ಏನು ಸಾರು ಮಾಡಿದ್ದೀರಿ?” ಅಂದೆ. ಬಸ್ಸಾರು ಮಾಡೋದನ್ನ ಪೂರ್ತಿ ಹೇಳಿ, ನನ್ನ ಕೈ ಬಿಡಲೇ ಇಲ್ಲ.

“ಯಾರು ನೀನು, ಹೋಗು” ಅಂದರೆ ವಾದ ಬೇಡ. “ಆಗಲಿ, ಆಮೇಲೆ ಬರ್ತೀನಿ” ಅಂತ ಹೊರಗೆ ಹೋಗಿ, ಕಾಲು ಗಂಟೆ ಬಿಟ್ಟು ಕಾಫಿ ಲೋಟ ಹಿಡಿದು ಹೊಸದಾಗಿ ಬನ್ನಿ. ಸಂಜೆ ಹೊತ್ತು ಅನೇಕರಿಗೆ ಗೊಂದಲ ಹೆಚ್ಚಾಗುತ್ತೆ, ಮೊದಲ ಭೇಟಿ ಬೆಳಿಗ್ಗೆ ಇಟ್ಟುಕೊಳ್ಳಿ.