‘ನೋಡಿಕೊಳ್ಳಬೇಕು’ ಸರಿ, ನೋಡಿಕೊಳ್ಳೋದು ಯಾರು?

ಪ್ರಶ್ನೆ: ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಪ್ರಾಜೆಕ್ಟ್ ಕೆಲಸ ನೋಡುತ್ತೇನೆ ಸರ್. ಹೊಸ ವೇಬ್ರಿಜ್ ಕೂರಿಸುವ ಮೊದಲು ಎಲ್ಲರಿಗೂ ಈ ಮೇಲ್ ಹಾಕಿದ್ದೆ: ‘ಫೌಂಡೇಶನ್ ಡ್ರಾಯಿಂಗ್ ಮತ್ತು ಕೇಬಲ್ ಪೈಪಿನ ವಿವರ ಕಳಿಸಲಾಗುವುದು. ಅದನ್ನು ನೋಡಿ ಅವರಿಗೆ ತಿಳಿಸಬೇಕು. ನಂತರ ಕಾಂಕ್ರೀಟ್ ಹಾಕಲಾಗುವುದು. ಪೈಪಿನ ವಿಷಯವನ್ನು ನಾವು ನೋಡಿಕೊಳ್ಳಬೇಕು.’ ಕಾಂಕ್ರೀಟ್ ಬಿತ್ತು, ಪೈಪ್ ಮಾತ್ರ ಯಾರೂ ಹಾಕಿರಲಿಲ್ಲ. ಕಾಂಕ್ರೀಟ್ ಒಡೆಸಬೇಕಾಯಿತು. ಮೇಲ್‌ನಲ್ಲಿ ಬರೆದಿದ್ದೆನಲ್ಲ, ತಪ್ಪಾಗಿದ್ದು ಎಲ್ಲಿ?

ಉತ್ತರ: ಕೊನೆಯ ಸಾಲಿನಿಂದಲೇ ಶುರು ಮಾಡೋಣ. ಪೈಪ್ ತಪ್ಪಿಸಿಕೊಂಡಿದ್ದು ಅಲ್ಲೇ.

‘ನಾವು’ ಅಂದರೆ ಯಾರು? ಮಿಲ್ಲಿನವರಾ, ಮೇಲ್ ಓದುವ ಎಲ್ಲರೂ ಸೇರಿಯಾ? ನಿಮ್ಮ ಕಡೆ ತೆಲುಗು ಬಲ್ಲವರು ಜಾಸ್ತಿ. ಅವರನ್ನು ಕೇಳಿ. ಎದುರಿಗಿರುವವರನ್ನು ಸೇರಿಸಿಕೊಂಡರೆ ‘ಮನಂ’, ಬಿಟ್ಟರೆ ‘ಮೇಮು’. ನಮ್ಮಲ್ಲಿ ಎರಡಕ್ಕೂ ಒಂದೇ ‘ನಾವು’. ಕಂಟ್ರಾಕ್ಟರ್ ಅದನ್ನು ‘ಮಿಲ್ಲಿನವರು’ ಎಂದು ಓದಿರುತ್ತಾರೆ, ವೇಬ್ರಿಜ್ ಕಂಪನಿಯವರು ‘ಮಿಲ್ ಮತ್ತು ಕಂಟ್ರಾಕ್ಟರ್’ ಎಂದು. ಇಬ್ಬರೂ ಓದಿದ್ದು ಸರಿಯೇ.

‘ಬೇಕು’ ಕೂಡ ಇದಕ್ಕೆ ಸಹಾಯ ಮಾಡುವುದಿಲ್ಲ. ‘ಹಾಕುತ್ತೇನೆ’ ಎಂದರೆ ನಾನು, ‘ಹಾಕುತ್ತಾರೆ’ ಎಂದರೆ ಅವರು. ಕ್ರಿಯಾಪದದ ಬಾಲ ನೋಡಿದರೇ ಯಾರೆಂದು ಗೊತ್ತಾಗುತ್ತದೆ. ಅದಕ್ಕೇ ಕನ್ನಡದಲ್ಲಿ ‘ನಾನು’ ಬಿಟ್ಟು ಮಾತಾಡಿದರೂ ನಡೆಯುತ್ತದೆ. ಆದರೆ ‘ಹಾಕಬೇಕು’ ಎಂಬುದು ನನಗೂ ನಿಮಗೂ ಅವರಿಗೂ ಒಂದೇ. ಅಲ್ಲಿ ಹೆಸರು ಬಿಟ್ಟರೆ ಓದುವವರಿಗೆ ಯಾವ ಸುಳಿವೂ ಉಳಿಯುವುದಿಲ್ಲ. ಜೊತೆಗೆ ‘ನೋಡಿಕೊಳ್ಳುವುದು’ ಏನು ಕೆಲಸ? ಪೈಪ್ ತರುವುದೋ, ಹಾಕುವುದೋ, ಹಾಕಿದ್ದಾರಾ ಎಂದು ನೋಡುವುದೋ?

‘ಕಳಿಸಲಾಗುವುದು’, ‘ಹಾಕಲಾಗುವುದು’ ಸರ್ಕಾರಿ ಸುತ್ತೋಲೆಯಿಂದ ನಮ್ಮ ಮೇಲ್‌ಗಳಿಗೆ ಬಂದವು. ಮಂಡಕ್ಕಿ ಒಗ್ಗರಣೆ ಅಂಗಡಿಯಲ್ಲಿ ‘ಮಿರ್ಚಿ ತಿನ್ನಲಾಯಿತು’ ಅಂತ ಯಾರಾದರೂ ಹೇಳುತ್ತಾರಾ? ಬರೆಯಲು ಕೂತ ಕೂಡಲೇ ಮಾತ್ರ ಬರುತ್ತದೆ.

‘ಅದನ್ನು’ ಡ್ರಾಯಿಂಗೋ, ಪೈಪಿನ ವಿವರವೋ? ‘ಅವರಿಗೆ’ ಒಬ್ಬರಿಗೋ, ಹಲವರಿಗೋ? ಗೌರವಕ್ಕೂ ಬಹುವಚನಕ್ಕೂ ನಮ್ಮಲ್ಲಿ ಒಂದೇ ರೂಪ. ‘ನೀವು’ ಕೂಡ ಹಾಗೇ. ಐದು ಜನಕ್ಕೆ ಹೋದ ಮೇಲ್‌ನಲ್ಲಿ ‘ನೀವು ತಿಳಿಸಿ’ ಎಂದರೆ ಐದೂ ಜನ ಉಳಿದ ನಾಲ್ವರ ಕಡೆ ನೋಡುತ್ತಾರೆ.

ಮೇಲ್ ಕಳಿಸುವ ಮೊದಲು ಕ್ರಿಯಾಪದಗಳ ಕೆಳಗೆ ಮಾತ್ರ ಗೆರೆ ಎಳೆಯಿರಿ. ‘ಲಾಗು’, ‘ಬೇಕು’, ‘ಆಗುತ್ತದೆ’ ಕಂಡಲ್ಲೆಲ್ಲ ‘ಯಾರು?’ ಎಂದು ಕೇಳಿ. ಉತ್ತರ ಅದೇ ವಾಕ್ಯದಲ್ಲಿ ಇರಬೇಕು. ನಿಮ್ಮ ಮೇಲ್ ಹೀಗಾಗುತ್ತದೆ. ‘ಇಂಜಿನಿಯರ್’, ‘ಕಂಟ್ರಾಕ್ಟರ್’ ಇರುವ ಕಡೆ ನೀವು ಅವರ ಹೆಸರೇ ಹಾಕಿ:

‘ವೇಬ್ರಿಜ್ ಕಂಪನಿಯ ಇಂಜಿನಿಯರ್ ಸೋಮವಾರ ಫೌಂಡೇಶನ್ ಡ್ರಾಯಿಂಗ್ ಕಳಿಸುತ್ತಾರೆ. ಪೈಪ್ ಎಲ್ಲಿ ಹಾಯಬೇಕು, ಎಷ್ಟು ದಪ್ಪ ಎಂಬುದು ಆ ಡ್ರಾಯಿಂಗ್‌ನಲ್ಲೇ ಇರುತ್ತದೆ. ನಾನು ಡ್ರಾಯಿಂಗ್ ನೋಡಿ ಬುಧವಾರದೊಳಗೆ ಕಂಟ್ರಾಕ್ಟರ್‌ಗೆ ಒಪ್ಪಿಗೆ ತಿಳಿಸುತ್ತೇನೆ. ಕಂಟ್ರಾಕ್ಟರ್ ಗುಂಡಿಯಿಂದ ತೂಕದ ಕ್ಯಾಬಿನ್‌ವರೆಗೆ ಪೈಪ್ ಹಾಕಿ ನನಗೆ ಫೋಟೋ ಕಳಿಸುತ್ತಾರೆ. ಫೋಟೋ ನೋಡಿ ನಾನು ಹೇಳಿದ ಮೇಲೆಯೇ ಅವರು ಕಾಂಕ್ರೀಟ್ ಹಾಕುತ್ತಾರೆ. ಪೈಪಿನ ಖರ್ಚು ಯಾರದು ಎಂದು ಇನ್ನೂ ತೀರ್ಮಾನವಾಗಿಲ್ಲ. ಮಂಗಳವಾರ ಮಾಲೀಕರನ್ನು ಕೇಳಿ ತಿಳಿಸುತ್ತೇನೆ.’

ಇಲ್ಲಿ ‘ಅವರು’ ಒಂದು ಕಡೆ ಉಳಿದಿದೆ. ಹಿಂದಿನ ವಾಕ್ಯದ ಕಂಟ್ರಾಕ್ಟರ್ ಬಿಟ್ಟರೆ ಅದು ಬೇರೆ ಯಾರಿಗೂ ಅಂಟುವುದಿಲ್ಲ, ಹಾಗಾಗಿ ಇರಲಿ. ಸರ್ವನಾಮ ಎಲ್ಲವನ್ನೂ ಕಿತ್ತರೆ ಓದೋಕೆ ಆಗಲ್ಲ.

ಖರ್ಚಿನ ಸಾಲನ್ನು ಇನ್ನೊಮ್ಮೆ ನೋಡಿ. ಬಹಳ ಸಲ ನಾವು ‘ಮಾಡಲಾಗುವುದು’ ಬರೆಯುವುದು ಯಾರು ಮಾಡುತ್ತಾರೆಂದು ನಮಗೇ ಗೊತ್ತಿಲ್ಲದಾಗ. ಆಗ ವ್ಯಾಕರಣ ತಿದ್ದಿ ಉಪಯೋಗವಿಲ್ಲ. ಫೋನ್ ಮಾಡಿ ಕೇಳಬೇಕು. ಅಷ್ಟರೊಳಗೆ ಮೇಲ್ ಕಳಿಸಲೇಬೇಕಾದರೆ ತೀರ್ಮಾನವಾಗಿಲ್ಲ ಎಂದೇ ಬರೆಯಿರಿ.

ಇನ್ನೊಂದು ಕಾರಣ ಸಂಕೋಚ. ವಯಸ್ಸಿನಲ್ಲಿ ದೊಡ್ಡ ಕಂಟ್ರಾಕ್ಟರ್‌ಗೆ ‘ಪೈಪ್ ಹಾಕಿ’ ಅನ್ನೋದು ಹೇಗೆ ಅಂತ, ಅಲ್ವಾ? ನಾನೂ ರಾಯಚೂರಿನ ಒಂದು ಸೈಟಿನಲ್ಲಿ ಹೀಗೇ ಸಂಕೋಚಪಟ್ಟು ‘ತಿಳಿಸತಕ್ಕದ್ದು’ ಎಂದು ಬರೆದೆ. ಯಾರೂ ತಿಳಿಸಲಿಲ್ಲ. ಗೌರವಕ್ಕೆ ಬೇರೆ ದಾರಿ ಇದೆ: ‘ಸರ್, ನೀವು ಗುರುವಾರ ಪೈಪ್ ಹಾಕಿಸಿ ಫೋಟೋ ಕಳಿಸಿದರೆ ನಾನು ಅಂದೇ ನೋಡಿ ಹೇಳುತ್ತೇನೆ.’ ಇಲ್ಲಿ ಆಜ್ಞೆ ಇಲ್ಲ, ಆದರೂ ಇಬ್ಬರ ಕೆಲಸವೂ ಸ್ಪಷ್ಟ. ಐದು ಜನ ಓದುವ ಮೇಲ್ ಆದರೆ ‘ಸರ್’ ಹಿಂದೆ ಹೆಸರು ಸೇರಿಸಿ.

ಮುಗಿದ ಕೆಲಸದ ವರದಿಯಲ್ಲಿ ಮಾತ್ರ ‘ಶನಿವಾರ ಕಾಂಕ್ರೀಟ್ ಹಾಕಲಾಗಿದೆ’ ಎಂದು ಬರೆದರೆ ನನ್ನ ತಕರಾರಿಲ್ಲ. ಅಲ್ಲಿ ಬೇಕಿರುವುದು ದಿನ, ಮೇಸ್ತ್ರಿಯ ಹೆಸರಲ್ಲ.