ಎರಡು ಸೆಟ್‌ಗೆ ಒಂದೇ y ಇಟ್ಟರೆ ಔಟ್‌ಪುಟ್ ಸೊನ್ನೆ ಬರುತ್ತದೆ

«ಸರ್, ಸಿಂಪ್ಸನ್ ಗೇರ್ ಸೆಟ್‌ನ ಫಸ್ಟ್ ಗೇರ್ ಅನುಪಾತ ಟೇಬಲ್ ಹಾಕಿ ತೆಗೆಯೋಕೆ ಹೋದೆ. ಎರಡೂ ಸೆಟ್‌ನಲ್ಲಿ ಸನ್ 30 ಹಲ್ಲು, ರಿಂಗ್ 66 ಹಲ್ಲು. ಹಿಂದಿನ ಕ್ಯಾರಿಯರ್ ಹಿಡಿದಿದೆ ಅಂತ y = 0 ಹಾಕಿದೆ. ಔಟ್‌ಪುಟ್ ಸೊನ್ನೆ ಬಂತು! ಉತ್ತರ 2.45 ಅಂತೆ. ಎಲ್ಲಿ ತಪ್ಪಿದೆ?»

ನಿಮ್ಮ ಟೇಬಲ್ ಸರಿಯಾಗಿಯೇ ಇದೆ. ಅದೇ x, ಅದೇ y ಎರಡೂ ಸೆಟ್‌ಗೆ ಬಳಸಿದ್ದೀರಿ, ತಪ್ಪಿರುವುದು ಅಲ್ಲಿ. y ಅಂದರೆ ಕ್ಯಾರಿಯರ್ ಸುತ್ತುವ ಲೆಕ್ಕ. ಇಲ್ಲಿ ಕ್ಯಾರಿಯರ್ ಎರಡಿವೆ. ಹಿಂದಿನದು ನಿಂತಿರುತ್ತದೆ, ಮುಂದಿನದು ಔಟ್‌ಪುಟ್ ಶಾಫ್ಟ್ ಜೊತೆ ತಿರುಗುತ್ತದೆ. ಒಂದೇ y ಇಟ್ಟು ಅದನ್ನು ಸೊನ್ನೆ ಮಾಡಿದರೆ ಮುಂದಿನ ಕ್ಯಾರಿಯರನ್ನೂ ನಿಲ್ಲಿಸಿದ ಹಾಗಾಯಿತು. ಅದು ನಿಂತರೆ ಔಟ್‌ಪುಟ್ಟೂ ನಿಂತಿತು.

ಅದಕ್ಕೇ ಟೇಬಲ್ ಹಾಕುವ ಮೊದಲು ಯಾವುದು ಯಾವುದಕ್ಕೆ ಸೇರಿದೆ ಅಂತ ಬರೆದುಕೊಳ್ಳಿ. ಕ್ರೈಸ್ಲರ್‌ನವರು 1956ರಲ್ಲಿ ತಂದ ಟಾರ್ಕ್‌ಫ್ಲೈಟ್ ಅನ್ನುವ ಆಟೋಮ್ಯಾಟಿಕ್ ಗೇರ್ ಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಅದರಲ್ಲಿರುವುದು ಇದೇ ಸಿಂಪ್ಸನ್ ಜೋಡಣೆ. ಸನ್ ಗೇರ್ ಎರಡೂ ಸೆಟ್‌ಗೆ ಒಂದೇ. ಮುಂದಿನ ಕ್ಯಾರಿಯರ್ ಮತ್ತು ಹಿಂದಿನ ರಿಂಗ್ ಎರಡೂ ಔಟ್‌ಪುಟ್ ಶಾಫ್ಟ್‌ಗೆ ಸೇರಿವೆ. ಫಸ್ಟ್ ಗೇರ್‌ನಲ್ಲಿ ಇನ್‌ಪುಟ್ ಬರುವುದು ಮುಂದಿನ ರಿಂಗ್‌ಗೆ. ಹಿಂದಿನ ಕ್ಯಾರಿಯರ್ ತಿರುಗದ ಹಾಗೆ ಒನ್‌ವೇ ಕ್ಲಚ್ ಹಿಡಿದಿರುತ್ತದೆ.

ಈಗ ಒಂದು ಸೆಟ್‌ನ ಟೇಬಲ್:

```
                      ಕ್ಯಾರಿಯರ್   ಸನ್     ರಿಂಗ್
ಕ್ಯಾರಿಯರ್ ಹಿಡಿದು        0        +1     -30/66
x ಪಟ್ಟು ಮಾಡಿ            0         x     -30x/66
ಎಲ್ಲಕ್ಕೂ y ಕೂಡಿಸಿ       y        x+y    y - 30x/66
```

ಕೊನೆಯ ಸಾಲಿನಲ್ಲಿ ಎಲ್ಲಕ್ಕೂ y ಕೂಡಿಸುವುದು ಏಕೆ ಅಂತ ತುಂಬಾ ಜನ ಯೋಚಿಸುವುದೇ ಇಲ್ಲ. ಇಡೀ ಸೆಟ್ಟನ್ನು ಗಟ್ಟಿಯಾಗಿ ಕಟ್ಟಿ ಕೈಯಲ್ಲಿ y ಸುತ್ತು ತಿರುಗಿಸಿದಿರಿ ಅಂದುಕೊಳ್ಳಿ. ಆಗ ಒಂದು ಹಲ್ಲೂ ಇನ್ನೊಂದರ ಮೇಲೆ ಜರುಗುವುದಿಲ್ಲ, ಆದರೆ ಮೂರೂ ಭಾಗ ಅಷ್ಟೇ ತಿರುಗಿರುತ್ತವೆ. ಹಿಂದಿನ ಸೆಟ್ಟನ್ನು ಒಂದು ಲೆಕ್ಕದಲ್ಲಿ, ಮುಂದಿನದನ್ನು ಬೇರೆ ಲೆಕ್ಕದಲ್ಲಿ ಹೀಗೆ ತಿರುಗಿಸಬಹುದು. ಆದ್ದರಿಂದ ಮುಂದಿನದಕ್ಕೆ x1, y1 ಅಂತಲೂ ಹಿಂದಿನದಕ್ಕೆ x2, y2 ಅಂತಲೂ ಬೇರೆ ಬೇರೆ ಇಡಿ.

ಹಿಂದಿನ ಸೆಟ್‌ನಿಂದ ಶುರು ಮಾಡೋಣ. ಕ್ಯಾರಿಯರ್ ನಿಂತಿದೆ, y2 = 0. ಭಿನ್ನರಾಶಿ ಕಡಿಮೆ ಆಗಲಿ ಅಂತ x2 = -11 ತೆಗೆದುಕೊಳ್ಳುತ್ತೇನೆ. ಸನ್ 11 ಸುತ್ತು ಹಿಂದಕ್ಕೆ ತಿರುಗಿತು. 30/66 ಅಂದರೆ 5/11, ಹಾಗಾಗಿ ಹಿಂದಿನ ರಿಂಗ್ 5 ಸುತ್ತು ಮುಂದಕ್ಕೆ. ಅದೇ ಔಟ್‌ಪುಟ್.

ಮುಂದಿನ ಸೆಟ್‌ನ ಕ್ಯಾರಿಯರ್ ಔಟ್‌ಪುಟ್‌ಗೆ ಸೇರಿದೆ, ಆದ್ದರಿಂದ y1 = 5. ಸನ್ ಒಂದೇ ಆದ್ದರಿಂದ x1 + y1 = -11, ಅಂದರೆ x1 = -16. ಇನ್ನು ಮುಂದಿನ ರಿಂಗ್: 5 + 16 × 5/11 = 12.27. ಇನ್‌ಪುಟ್ 12.27, ಔಟ್‌ಪುಟ್ 5. ಭಾಗಿಸಿದರೆ 2.45.

ಸನ್ ಹಿಂದಕ್ಕೆ ತಿರುಗುತ್ತದೆ ಅಂದ ಕೂಡಲೇ ಕೆಲವರು ಮೈನಸ್ ಬಿಟ್ಟು ಬರೆಯುತ್ತಾರೆ. ಅಲ್ಲಿ ಮೈನಸ್ ಹೋದರೆ ಲೆಕ್ಕ ಪೂರ್ತಿ ಕೆಡುತ್ತದೆ. ರಿಂಗ್‌ನ ಹಲ್ಲು ಒಳಗಡೆ ಇದ್ದರೂ ಸನ್ ಮತ್ತು ರಿಂಗ್ ನಡುವೆ ಚಿಹ್ನೆ ಬದಲಾಗಲೇಬೇಕು. ಪ್ಲಾನೆಟ್ ಸನ್‌ಗೆ ಎದುರಾಗಿ ತಿರುಗುತ್ತದೆ, ರಿಂಗ್ ಪ್ಲಾನೆಟ್ ಜೊತೆಗೇ ತಿರುಗುತ್ತದೆ. ಪ್ಲಾನೆಟ್ ಹಲ್ಲಿನ ಸಂಖ್ಯೆ ಅನುಪಾತಕ್ಕೆ ಬೇಡವೇ ಬೇಡ.

ಮೇಲೆ ಗ್ಯಾರೇಜಿನ ಅಣ್ಣ «ಸುಮ್ನೆ 66ನ್ನು 30ರಿಂದ ಭಾಗಿಸಿ, 2.2, ಮುಗೀತು» ಅಂದಿದ್ದಾರೆ. ಆ ಅಂಕಿ ನಿಜವೇ, ಆದರೆ ಅದು ರಿವರ್ಸ್‌ನದು. ರಿವರ್ಸ್‌ನಲ್ಲಿ ಸನ್‌ಗೆ ಇನ್‌ಪುಟ್ ಕೊಟ್ಟು ಹಿಂದಿನ ಕ್ಯಾರಿಯರ್ ಹಿಡಿಯುತ್ತಾರೆ, ಹಿಂದಿನ ರಿಂಗ್ ಉಲ್ಟಾ ತಿರುಗುತ್ತದೆ. ಮುಂದಿನ ಸೆಟ್‌ಗೆ ಆಗ ಕೆಲಸವಿಲ್ಲ. ಕ್ಯಾರಿಯರ್ ನಿಂತಿರುವ ಒಂಟಿ ಸೆಟ್‌ಗೆ ಮಾತ್ರ ನೇರ ಭಾಗಾಕಾರ ನಡೆಯುತ್ತದೆ. ಸೆಕೆಂಡ್ ಗೇರ್‌ಗೆ ಅದು ನಡೆಯುವುದಿಲ್ಲ. ಅಲ್ಲಿ ಬ್ಯಾಂಡ್ ಬಿಗಿದು ಸನ್ ನಿಲ್ಲಿಸುತ್ತಾರೆ, x1 = -y1, ರಿಂಗ್ ಆಗುವುದು y1 × 16/11, ಅಂದರೆ 1.45.

ಅದೇ ಸೆಕೆಂಡ್ ಗೇರ್‌ನಲ್ಲಿ ಹಿಂದಿನ ಕ್ಯಾರಿಯರ್ ಏನು ಮಾಡುತ್ತದೆ ಅಂತ ಹಿಂದಿನ ಟೇಬಲ್‌ನಲ್ಲಿ ನೋಡಿ. ಸನ್ ಸೊನ್ನೆ, ರಿಂಗ್ ಔಟ್‌ಪುಟ್‌ನಷ್ಟೇ. ಕ್ಯಾರಿಯರ್ ಔಟ್‌ಪುಟ್‌ನ 66/96ರಷ್ಟು ವೇಗದಲ್ಲಿ ಮುಂದಕ್ಕೆ ತಿರುಗುತ್ತದೆ. ಫಸ್ಟ್ ಗೇರ್‌ನಲ್ಲಿ ಅದನ್ನು ಹಿಂದಕ್ಕೆ ತಿರುಗಿಸಲು ಬಲ ಬೀಳುತ್ತಿತ್ತು, ಒನ್‌ವೇ ಕ್ಲಚ್ ತಡೆಯುತ್ತಿತ್ತು. ಈಗ ಮುಂದಕ್ಕೆ ತಿರುಗಲು ಅದು ತಾನೇ ಬಿಟ್ಟುಕೊಡುತ್ತದೆ. ಫಸ್ಟ್‌ನಿಂದ ಸೆಕೆಂಡ್‌ಗೆ ಹೋಗಲು ಒಂದು ಬ್ಯಾಂಡ್ ಬಿಗಿದರೆ ಸಾಕಾಗುವುದು ಇದಕ್ಕೇ. ನನಗೆ ಈ ಜೋಡಣೆಯಲ್ಲಿ ತುಂಬಾ ಇಷ್ಟವಾಗುವ ಜಾಗ ಇದು.

ಡ್ರೈವ್‌ನಲ್ಲಿ ಇಟ್ಟರೆ ಗಾಡಿ ಕದಲುವುದಿಲ್ಲ, ಲಿವರನ್ನು 1ಕ್ಕೆ ಇಟ್ಟರೆ ಎಳೆಯುತ್ತದೆ ಅಂತಾದರೆ ನಾನು ಮೊದಲು ಒನ್‌ವೇ ಕ್ಲಚ್ ಮೇಲೆ ಅನುಮಾನ ಪಡುತ್ತೇನೆ. 1ರಲ್ಲಿ ಹಿಂದಿನ ಬ್ಯಾಂಡ್ ಕೂಡ ಅದೇ ಕ್ಯಾರಿಯರನ್ನು ಹಿಡಿಯುತ್ತದೆ, ಹಾಗಾಗಿ ಅಲ್ಲಿ ಗಾಡಿ ನಡೆಯುತ್ತದೆ. ನಮ್ಮ ಲ್ಯಾಬ್‌ಗೆ ಬಂದ ಒಂದು ಹಳೆಯ ಪೆಟ್ಟಿಗೆಯಲ್ಲಿ ಹೀಗೇ ಆಗಿತ್ತು. ಬಿಚ್ಚಿದಾಗ ರೋಲರ್ ಕೂರುವ ಇಳಿಜಾರು ಸವೆದು ನುಣ್ಣಗಾಗಿತ್ತು.

«ನಂದು ಎಎಂಟಿ ಕಾರು, ಇದರಲ್ಲಿ ರಿಂಗ್ ಎಲ್ಲಿರುತ್ತೆ» ಅಂತ ಕೇಳಿದವರಿಗೆ: ನಿಮ್ಮದರಲ್ಲಿ ಇರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಯಂತ್ರ ಮಾಡುತ್ತದೆ, ಅಷ್ಟೇ. ಈ ಟೇಬಲ್ ನಿಮ್ಮ ಗೇರ್‌ಗಳಿಗೆ ಬೇಕಾಗಿಲ್ಲ.

ಲೆಕ್ಕ ಸರಿಯೇ ಅಂತ ಕೈಯಲ್ಲೂ ನೋಡಬಹುದು. ಕಾಲೇಜಿನಲ್ಲಿ ಕಟ್ ಸೆಕ್ಷನ್ ಮಾದರಿ ಇದ್ದರೆ ಹಿಂದಿನ ಕ್ಯಾರಿಯರನ್ನು ಒಬ್ಬರು ಗಟ್ಟಿಯಾಗಿ ಹಿಡಿಯಿರಿ. ಮುಂದಿನ ರಿಂಗ್‌ಗೆ ಮತ್ತು ಔಟ್‌ಪುಟ್ ಶಾಫ್ಟ್‌ಗೆ ಸೀಮೆಸುಣ್ಣದ ಗುರುತು ಹಾಕಿ. ಈ ಹಲ್ಲುಗಳಿಗೆ ಅನುಪಾತ ಸರಿಯಾಗಿ 27/11. ರಿಂಗನ್ನು 27 ಸುತ್ತು ತಿರುಗಿಸಿದಾಗ ಔಟ್‌ಪುಟ್ ಗುರುತು 11 ಸುತ್ತು ಮುಗಿಸಿ ಮೊದಲಿನ ಜಾಗಕ್ಕೇ ಬರಬೇಕು. ಓಡುವ ಗಾಡಿಯಲ್ಲಿ ಎಂಜಿನ್ ಆರ್‌ಪಿಎಂ ಹಿಡಿದು ಅಳೆಯಬೇಡಿ. ಟಾರ್ಕ್ ಕನ್ವರ್ಟರ್ ಜಾರುವುದರಿಂದ ಅಂಕಿ ಜಾಸ್ತಿ ತೋರಿಸುತ್ತದೆ.

ಇನ್ನು ನಿವೃತ್ತ ಮೇಷ್ಟ್ರು ಕೇಳಿದ್ದು. ಅವರ ಹತ್ತಿರ ಇರುವ ಟಾರ್ಕ್‌ಫ್ಲೈಟ್ 2.74 ಕೊಡುತ್ತದಂತೆ, 2.45 ಅಲ್ಲ. ಸರ್, ನಿಮ್ಮದು ತಪ್ಪಿರಲಿಕ್ಕಿಲ್ಲ. ಅದೇ ಕುಟುಂಬದ ಸಣ್ಣ ಪೆಟ್ಟಿಗೆ ಎ904ಕ್ಕೆ ಆಮೇಲೆ ಫಸ್ಟ್ 2.74, ಸೆಕೆಂಡ್ 1.54 ಇರುವ ರೂಪವೂ ಬಂತು. ಸೆಕೆಂಡ್ 1.54 ಅಂದರೆ ಮುಂದಿನ ಸೆಟ್‌ನ ಸನ್ ಹಲ್ಲನ್ನು ರಿಂಗ್ ಹಲ್ಲಿನಿಂದ ಭಾಗಿಸಿದರೆ 0.54. ಹಿಂದಿನ ಸೆಟ್ ಹಾಗೇ 2.2 ಇಟ್ಟು ಲೆಕ್ಕ ಹಾಕಿದರೆ, ಔಟ್‌ಪುಟ್ 1 ಸುತ್ತಿಗೆ ಸನ್ -2.2, x1 = -3.2, ಹಾಗಾಗಿ ಫಸ್ಟ್ 1 + 0.54 × 3.2, ಅಂದರೆ 2.73 ಬರುತ್ತದೆ. ಅಂದರೆ ಎರಡು ಸೆಟ್‌ನ ಹಲ್ಲು ಒಂದೇ ಅಲ್ಲದಿದ್ದಾಗಲೂ ಇದೇ ವಿಧಾನ ನಡೆಯುತ್ತದೆ, ಪ್ರತಿ ಟೇಬಲ್‌ಗೆ ಅದರದರ ಭಿನ್ನರಾಶಿ ಹಾಕಿದರೆ ಆಯಿತು. ನಿಮ್ಮದು ಅದೇ ರೂಪವೋ ಅಲ್ಲವೋ ಇಲ್ಲಿಂದ ಹೇಳಲಾರೆ. ಬಿಚ್ಚಿಟ್ಟಿದ್ದರೆ ಮುಂದಿನ ರಿಂಗ್ ಮತ್ತು ಸನ್ ಹಲ್ಲು ಎಣಿಸಿ ಇಲ್ಲಿ ಹಾಕಿ.