ಉಪ್ಪಿನಕಾಯಿ ಮೆಸೇಜ್ ಅರ್ಧ ಜನಕ್ಕೆ ಮುಟ್ಟದಿದ್ದರೆ

“ವಿಜಯಪುರದಲ್ಲಿ ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರ್ತೀನಿ. ಹೊಸದು ರೆಡಿ ಅಂತ ವಾಟ್ಸಾಪ್ ಬ್ರಾಡ್‌ಕಾಸ್ಟ್ ಹಾಕಿದರೆ ಅರ್ಧ ಗಿರಾಕಿಗಳಿಗೆ ಬರೋದೇ ಇಲ್ಲ. ಯಾಕೆ?”

ಅಕ್ಕಾ, ಅವರ ನಂಬರ್ ನಿಮ್ಮಲ್ಲಿ ಇದ್ದರೆ ಸಾಲದು. ನಿಮ್ಮ ನಂಬರನ್ನು ಅವರೂ ಸೇವ್ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಬ್ರಾಡ್‌ಕಾಸ್ಟ್ ಮುಟ್ಟುವುದಿಲ್ಲ. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿ, ಯಾರಿಗೆ ತಲುಪಿದೆ ಅಂತ ಹೆಸರು ಸಮೇತ ಕಾಣುತ್ತದೆ. ಎರಡು ದಿನವಾದರೂ ಆ ಪಟ್ಟಿಯಲ್ಲಿ ಇಲ್ಲದವರಿಗೆ ಬೇರೆಯಾಗಿ ಬರೆದು, ನಂಬರ್ ಸೇವ್ ಮಾಡಿಕೊಳ್ಳಲು ಕೇಳಿ. ಇದಕ್ಕೆ ಒಳ್ಳೆಯ ಹೊತ್ತು ಅಂದರೆ ಬಾಟಲಿ ಕೈಗೆ ಕೊಡುವಾಗ. ಅಲ್ಲೇ ಸೇವ್ ಮಾಡಿಸಿಬಿಡಿ.

ಗ್ರೂಪ್ ಮಾತ್ರ ಬೇಡ. ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳಿಗೆ ಅದು ಇಷ್ಟವಾಗುವುದಿಲ್ಲ.

ಮೆಸೇಜ್ ಹೀಗಿರಲಿ:

“ನಮಸ್ಕಾರ. ಇಂಡಿ ಲಿಂಬೆ ಉಪ್ಪಿನಕಾಯಿ ರೆಡಿ ಇದೆ. ಹಾಕಿ ಒಂದು ತಿಂಗಳಾಯಿತು, ಸಿಪ್ಪೆ ಮೆತ್ತಗಾಗಿದೆ. ಖಾರ ಮಧ್ಯಮ. ಅರ್ಧ ಕೆಜಿ ₹150. 20 ಬಾಟಲಿ ಮಾತ್ರ. ಬೇಕಾದವರು ಶುಕ್ರವಾರದೊಳಗೆ ಎಷ್ಟು ಬಾಟಲಿ ಅಂತ ಬರೆಯಿರಿ. ಮೆಸೇಜ್ ಬೇಡವಾದರೆ ‘ಬೇಡ’ ಅನ್ನಿ.”

ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಬಾಟಲಿ ಮುಗಿದ ಕೂಡಲೇ ‘ಖಾಲಿ’ ಅಂತ ಅದೇ ಲಿಸ್ಟಿಗೆ ಹಾಕಿ.